ಏಜೆನ್ಸಿ ಮುಗಿದ ಮೇಲೆ ಬಂದ ಆರ್ಡರಿಗೆ ಕಮಿಷನ್ ಯಾರದು?

(ಬೆಳಗಾವಿಯಲ್ಲಿ ಮಾರಾಟ ಏಜೆಂಟರು ಮತ್ತು ಸಣ್ಣ ಕೈಗಾರಿಕೆಯವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿ ತೆಗೆದಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ಒಬ್ಬ ಏಜೆಂಟರು ಬಂದರು. ವಯಸ್ಸು ಐವತ್ತರ ಮೇಲೆ. ಫೌಂಡ್ರಿಗಳಿಗೆ ಬೇಕಾದ ರೆಸಿನ್, ಹಾರ್ಡನರ್, ಅಚ್ಚಿಗೆ ಬಳಿಯುವ ಕೋಟಿಂಗ್ ಇಂಥವನ್ನು ಹೊರರಾಜ್ಯದ ಒಂದು ಕಂಪನಿ ಪರವಾಗಿ ನಮ್ಮ ಉದ್ಯಮಬಾಗ್ ಕಡೆಯ ಫೌಂಡ್ರಿಗಳಿಗೆ ಮಾರುತ್ತಿದ್ದವರು. ಕೈಯಲ್ಲಿ ಒಂದೇ ಒಂದು ಹಾಳೆ ಇತ್ತು. ಏಜೆನ್ಸಿಯನ್ನು ಅರವತ್ತು ದಿನದ ನೋಟಿಸಿನ ಮೇಲೆ ಮುಗಿಸಿದ್ದೇವೆ ಎನ್ನುವ ಪತ್ರ ಅದು. ಅದನ್ನು ಮೇಜಿನ ಮೇಲಿಟ್ಟು ಹೇಳಿದರು: "ವಕೀಲ್ರೀ, ಏಜೆನ್ಸಿ ಹೋತು, ಹೋಗ್ಲಿ. ಆದ್ರ ಗಿರಾಕಿ ಹುಡುಕಿದಾಂವ ನಾನು. ಆ ಗಿರಾಕಿ ಇನ್ನೂ ತಿಂಗಳಾ ತಿಂಗಳಾ ಮಾಲ್ ತಗೋತಾನ. ಅದರ ಮ್ಯಾಲಿನ ಕಮಿಷನ್ ನಂದಲ್ಲೇನ್ರೀ?"

ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ. ಅವರ ಗುರುತು ಸಿಗದಂತೆ ದಿನಾಂಕ, ಅಂಕಿಗಳನ್ನು ಬದಲಿಸಿದ್ದೇನೆ. ಲೆಕ್ಕದ ತರ್ಕ ಮಾತ್ರ ಇದ್ದ ಹಾಗೇ ಇದೆ.

ಈ ಪ್ರಶ್ನೆಯ ಹಿಂದಿರುವ ಸಂಕಟ ಏನೆಂದು ಮೊದಲು ನೋಡೋಣ. ರೆಸಿನ್ ಮಾರುವುದೆಂದರೆ ಒಂದು ಭೇಟಿಯಲ್ಲಿ ಮುಗಿಯುವ ವ್ಯಾಪಾರವಲ್ಲ. ಫೌಂಡ್ರಿಯವರು ಈಗ ಬಳಸುತ್ತಿರುವ ರೆಸಿನ್ ಬಿಟ್ಟು ಹೊಸದಕ್ಕೆ ಬರಬೇಕಾದರೆ ಮೊದಲು ಒಂದೆರಡು ಡ್ರಮ್ ಟ್ರಯಲ್ ಕೊಡಬೇಕು. ಕೋರ್ ಗಟ್ಟಿಯಾಗಲು ಎಷ್ಟು ಹೊತ್ತು ಹಿಡಿಯಿತು, ಎರಕ ಹೊಯ್ದ ಮೇಲೆ ಎಷ್ಟು ಪೀಸ್ ರಿಜೆಕ್ಟ್ ಆದವು, ಬ್ಲೋಹೋಲ್ ಬಂತೇ, ಎಲ್ಲ ನೋಡಬೇಕು. ಮಳೆಗಾಲದಲ್ಲಿ ಒಂದು ಸಲ, ಬೇಸಿಗೆಯಲ್ಲಿ ಒಂದು ಸಲ ನೋಡಿಯೇ ಒಪ್ಪುವವರೂ ಇದ್ದಾರೆ. ಕ್ವಾಲಿಟಿಯವರು ಒಪ್ಪಿದ ಮೇಲೆ ಖರೀದಿ ವಿಭಾಗದವರು ವೆಂಡರ್ ಕೋಡ್ ತೆರೆಯುತ್ತಾರೆ. ನಮ್ಮ ಈ ಏಜೆಂಟರು ಒಂದು ಫೌಂಡ್ರಿಗಾಗಿ ಎಂಟು ತಿಂಗಳು ಓಡಾಡಿದ್ದರು. ಅಷ್ಟೂ ದಿನ ಪೆಟ್ರೋಲ್ ಖರ್ಚು ಅವರದೇ, ಕಮಿಷನ್ ಸೊನ್ನೆ.

ಆದರೆ ಒಮ್ಮೆ ಕೋಡ್ ತೆರೆದರೆ ವ್ಯಾಪಾರ ತಾನಾಗಿ ನಡೆಯುತ್ತದೆ. ಪರ್ಚೇಸ್ ಆರ್ಡರ್, ಅಂದರೆ ಪಿಓ, ಈಮೇಲಿನಲ್ಲಿ ನೇರ ಕಂಪನಿಗೆ ಹೋಗುತ್ತದೆ, ಮಾಲು ನೇರ ಫೌಂಡ್ರಿಗೆ ಬರುತ್ತದೆ. ಅಂದರೆ ಏಜೆಂಟರ ದುಡಿಮೆಯೆಲ್ಲ ಮೊದಲು, ಅದರ ಫಲವೆಲ್ಲ ಆಮೇಲೆ. ಫಲ ಬಿಡುವ ಹೊತ್ತಿಗೆ ಕಂಪನಿಗೆ ಏಜೆಂಟರು ಖರ್ಚಿನ ಬಾಬತ್ತಾಗಿ ಕಾಣುತ್ತಾರೆ. ನಾನು ಕಂಪನಿಗಳ ಪರವಾಗಿಯೂ ವಾದಿಸಿದ್ದೇನೆ. ಹಾಗಾಗಿ ಅವರ ಮಾತನ್ನೂ ಹೇಳಬೇಕು: ರೇಟ್ ಕಾಯ್ದುಕೊಂಡವರು ನಾವು, ಕ್ರೆಡಿಟ್ ಕೊಟ್ಟವರು ನಾವು, ಮಾಲು ಕೆಟ್ಟರೆ ಬದಲಿಸಿ ಕೊಡುವವರೂ ನಾವು, ಒಂದು ಸಲ ಪರಿಚಯ ಮಾಡಿಸಿದ್ದಕ್ಕೆ ಜೀವಮಾನವಿಡೀ ಕೊಡಬೇಕೇ ಎನ್ನುತ್ತಾರೆ. ಎರಡೂ ಕಡೆ ತೂಕವಿದೆ. ಆದ್ದರಿಂದಲೇ ಇದನ್ನು ಮುಂಚೆಯೇ ಬರೆದುಕೊಳ್ಳಬೇಕಾದದ್ದು.

ಇನ್ನು ಕಾಯ್ದೆಗೆ ಬರುತ್ತೇನೆ. ನಮ್ಮಲ್ಲಿ ಏಜೆನ್ಸಿಗೆ ಆಧಾರ 1872ರ ಕರಾರು ಕಾಯ್ದೆ. 182ನೆಯ ಕಲಮಿನಿಂದ 238ರವರೆಗೆ ಇದೇ ವಿಷಯ. ಅಷ್ಟು ಕಲಮುಗಳಲ್ಲಿ ಎಲ್ಲಿ ಹುಡುಕಿದರೂ "ಏಜೆನ್ಸಿ ಮುಗಿದ ಮೇಲೆ ಏಜೆಂಟನ ಹಳೆಯ ಗಿರಾಕಿ ಕೊಟ್ಟ ಆರ್ಡರಿಗೆ ಕಮಿಷನ್ ಕೊಡತಕ್ಕದ್ದು" ಎಂಬ ಸಾಲು ಸಿಗುವುದಿಲ್ಲ. ಕೊಡಬಾರದು ಎಂದೂ ಬರೆದಿಲ್ಲ. ಅದನ್ನು ನಿಮ್ಮ ಕರಾರಿಗೇ ಬಿಟ್ಟಿದ್ದಾರೆ.

ಹಾಗೆಂದು ಕಾಯ್ದೆ ಕೈಕಟ್ಟಿ ಕೂತಿಲ್ಲ. 208ನೆಯ ಕಲಮಿನ ಕೆಳಗೆ ಒಂದು ಪುಟ್ಟ ಉದಾಹರಣೆ ಇದೆ. ಮಾಲೀಕ ತನ್ನ ಸರಕು ಮಾರಲು ಏಜೆಂಟನಿಗೆ ಹೇಳಿ, ಬಂದ ಬೆಲೆಯ ಮೇಲೆ ಶೇಕಡಾ ಐದು ಕಮಿಷನ್ ಒಪ್ಪಿರುತ್ತಾನೆ. ಆಮೇಲೆ ಪತ್ರ ಬರೆದು ಅಧಿಕಾರ ಹಿಂತೆಗೆದುಕೊಳ್ಳುತ್ತಾನೆ. ಪತ್ರ ಹೊರಟಿದೆ, ಏಜೆಂಟನ ಕೈಸೇರಿಲ್ಲ. ಅಷ್ಟರಲ್ಲಿ ಅವನು ಸರಕನ್ನು ನೂರು ರೂಪಾಯಿಗೆ ಮಾರಿಬಿಡುತ್ತಾನೆ. ಆ ಮಾರಾಟಕ್ಕೆ ಮಾಲೀಕ ಬದ್ಧ, ಏಜೆಂಟನಿಗೆ ಐದು ರೂಪಾಯಿ ಸಲ್ಲುತ್ತದೆ. ಅಧಿಕಾರ ಹೋದದ್ದು ಏಜೆಂಟನಿಗೆ ತಿಳಿದ ಗಳಿಗೆಯಿಂದ ಲೆಕ್ಕ, ಪತ್ರಕ್ಕೆ ಸಹಿ ಬಿದ್ದ ಗಳಿಗೆಯಿಂದಲ್ಲ. ಇವತ್ತು ಪತ್ರ ಈಮೇಲಿನಲ್ಲಿ ಬರುತ್ತದೆ, ನಡುವಿನ ಅಂತರ ಕಡಿಮೆ. ಆದರೂ ಹಿಂದಿನ ದಿನಾಂಕ ಹಾಕಿದ ಪತ್ರ ಕೈಗಿತ್ತು "ಹೋದ ತಿಂಗಳೇ ಮುಗಿಸಿದ್ದೇವೆ" ಎನ್ನುವವರು ಇದ್ದಾರೆ. ಪತ್ರ ಬಂದ ಲಕೋಟೆ, ಕೊರಿಯರ್ ಚೀಟಿ, ಈಮೇಲಿನ ಸಮಯ ಇವನ್ನು ಜೋಪಾನ ಮಾಡಿ.

204ನೆಯ ಕಲಂ ಇನ್ನೊಂದು ಮಾತು ಹೇಳುತ್ತದೆ. ಏಜೆಂಟ ತನ್ನ ಅಧಿಕಾರವನ್ನು ಒಂದಷ್ಟು ಚಲಾಯಿಸಿದ ಮೇಲೆ, ಅದಾಗಲೇ ಮಾಡಿದ ಕೆಲಸದಿಂದ ಹುಟ್ಟುವ ಹೊಣೆಗಳ ಮಟ್ಟಿಗೆ ಅಧಿಕಾರವನ್ನು ಹಿಂತೆಗೆಯಲು ಬರುವುದಿಲ್ಲ. ಮುಂದಿನದನ್ನು ನಿಲ್ಲಿಸಬಹುದು, ಆಗಿಹೋದದ್ದನ್ನು ಅಳಿಸಲಾಗದು. ಇನ್ನು 219ನೆಯ ಕಲಂ, ಬೇರೆ ಕರಾರು ಇಲ್ಲದಿದ್ದರೆ ಒಪ್ಪಿಕೊಂಡ ಕೆಲಸ ಪೂರ್ತಿಯಾದಾಗಲೇ ಏಜೆಂಟನ ಸಂಭಾವನೆ ಸಲ್ಲುತ್ತದೆ ಎನ್ನುತ್ತದೆ. ಇಡೀ ಜಗಳ ಇರುವುದು ಇಲ್ಲೇ. ಏಜೆಂಟರು ಒಪ್ಪಿಕೊಂಡ "ಕೆಲಸ" ಯಾವುದು? ಗಿರಾಕಿಯನ್ನು ಪರಿಚಯಿಸುವುದೇ? ಆರ್ಡರ್ ತರುವುದೇ? ಮಾಲು ಇಳಿದು ಹಣ ಬರುವವರೆಗೆ ಬೆನ್ನಿಗಿರುವುದೇ? ಕರಾರು ಯಾವ ಘಟನೆಗೆ ಕಮಿಷನ್ನನ್ನು ಗಂಟು ಹಾಕಿದೆಯೋ ಆ ಘಟನೆ ಏಜೆನ್ಸಿ ಇರುವಾಗ ನಡೆದಿದ್ದರೆ ಕಮಿಷನ್ ಉಳಿಯುತ್ತದೆ.

ನಮ್ಮ ಏಜೆಂಟರ ಲೆಕ್ಕವನ್ನು ಇದೇ ಅಳತೆಯಲ್ಲಿ ಬಿಡಿಸುತ್ತೇನೆ. ಕಮಿಷನ್ ಶೇಕಡಾ ನಾಲ್ಕು, ಜಿಎಸ್‌ಟಿ ಬಿಟ್ಟು ಬಿಲ್ ಮೊತ್ತದ ಮೇಲೆ, ಗಿರಾಕಿಯಿಂದ ಹಣ ಬಂದ ಮೇಲೆ ಪಾವತಿ. ನೋಟಿಸ್ ಕೈಸೇರಿದ್ದು ಜೂನ್ 1ಕ್ಕೆ. ಏಜೆನ್ಸಿ ಮುಗಿದದ್ದು ಜುಲೈ 31ಕ್ಕೆ.

ಜುಲೈ ಮೊದಲ ವಾರ ಒಂದು ಫೌಂಡ್ರಿಯಿಂದ ಆರು ಲಕ್ಷದ ಆರ್ಡರ್ ಬಂತು. 25ಕ್ಕೆ ಮಾಲು ಹೋಯಿತು. ಅರವತ್ತು ದಿನದ ಕ್ರೆಡಿಟ್ ಇದ್ದುದರಿಂದ ಹಣ ಬಂದದ್ದು ಸೆಪ್ಟೆಂಬರಿನಲ್ಲಿ. ಕಮಿಷನ್ 24,000. ಕಂಪನಿಯ ಅಕೌಂಟ್ಸ್ ವಿಭಾಗ ಬರೆಯಿತು: ಹಣ ಬಂದಾಗ ನೀವು ನಮ್ಮ ಏಜೆಂಟರಾಗಿರಲಿಲ್ಲ, ಆದ್ದರಿಂದ ಏನೂ ಸಲ್ಲುವುದಿಲ್ಲ. ಈ ವಾದ ನಿಲ್ಲುವುದಿಲ್ಲ. ಗಳಿಕೆ ಬೇರೆ, ಪಾವತಿಯ ದಿನ ಬೇರೆ. ಗಿರಾಕಿ ಹಣ ಕೊಟ್ಟ ಮೇಲೆ ಕಮಿಷನ್ ಕೊಡುತ್ತೇವೆ ಎನ್ನುವ ಷರತ್ತು ಯಾವಾಗ ಕೊಡಬೇಕು ಎನ್ನುವುದನ್ನು ಹೇಳುತ್ತದೆ. ಯಾರಿಗೆ ಸಲ್ಲುತ್ತದೆ ಎನ್ನುವುದು ಆರ್ಡರ್ ಬಂದ ದಿನವೇ ತೀರ್ಮಾನವಾಗಿತ್ತು.

ಎರಡನೆಯದು, ಜುಲೈ 20ರಂದು ಬಂದ ಐದು ಲಕ್ಷದ ಆರ್ಡರ್. ಕಂಪನಿ ಅದೇ ದಿನ ಒಪ್ಪಿಗೆ ಕಳಿಸಿತ್ತು. ಮಾಲು ಹೋದದ್ದು ಆಗಸ್ಟ್ 8ಕ್ಕೆ. ಕಮಿಷನ್ 20,000. ಆರ್ಡರ್ ಮೊದಲು, ರವಾನೆ ಆಮೇಲೆ. ಕರಾರಿನಲ್ಲಿ "ಏಜೆಂಟರ ಮೂಲಕ ಬಂದು ಕಂಪನಿ ಒಪ್ಪಿದ ಆರ್ಡರುಗಳ ಮೇಲೆ" ಎಂದಿತ್ತು. ಆರ್ಡರ್ ಬಂದು ಒಪ್ಪಿಗೆಯೂ ಆದ ಮೇಲೆ ಮಾಲು ಯಾವ ಲಾರಿಗೆ ಯಾವತ್ತು ಹೇರುತ್ತಾರೆ ಎನ್ನುವುದು ಕಂಪನಿಯ ಕೈಯಲ್ಲಿತ್ತು. ಇಂಗ್ಲೆಂಡಿನಲ್ಲಿ 1951ರಲ್ಲಿ ಪತ್ರಿಕೆಯೊಂದರ ಜಾಹೀರಾತು ಏಜೆಂಟನ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಜಾಹೀರಾತಿನ ಆರ್ಡರ್ ತಂದದ್ದು ಕೆಲಸದಲ್ಲಿದ್ದಾಗ, ಅದು ಅಚ್ಚಾದದ್ದು ಕೆಲಸ ಹೋದ ಮೇಲೆ. ಕಮಿಷನ್ ಅವನಿಗೇ ಎಂದಿತು ನ್ಯಾಯಾಲಯ. ಇಂಗ್ಲೆಂಡಿನ ತೀರ್ಪು ನಮ್ಮ ಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ನಮ್ಮ ಕರಾರು ಕಾಯ್ದೆಯ ಬೇರು ಅಲ್ಲಿನದೇ ಆದ್ದರಿಂದ ಕಿವಿಗೊಟ್ಟು ಕೇಳುತ್ತಾರೆ.

ಆದರೆ ಹುಷಾರಾಗಿರಿ. ನಿಮ್ಮ ಕರಾರಿನಲ್ಲಿ "ಏಜೆನ್ಸಿ ಅವಧಿಯಲ್ಲಿ ರವಾನೆಯಾದ ಮಾಲಿನ ಮೇಲೆ" ಎಂದಿದ್ದರೆ ಇದೇ 20,000 ಕೈತಪ್ಪಬಹುದು. ಒಂದೇ ಪದದ ಅಂತರ.

ಮೂರನೆಯದು ಇನ್ನೂ ದೊಡ್ಡ ಮೊತ್ತ. ಎಂಟು ತಿಂಗಳು ಓಡಾಡಿ ಹಿಡಿದಿದ್ದರಲ್ಲ, ಆ ಫೌಂಡ್ರಿ ಏಪ್ರಿಲ್ 5ರಂದು ಇಡೀ ವರ್ಷಕ್ಕೆ ಒಂದು ಓಪನ್ ಪಿಓ ಕೊಟ್ಟಿತ್ತು. ಒಟ್ಟು 60 ಟನ್, ತಿಂಗಳಿಗೆ 5 ಟನ್, ಕಿಲೋಗೆ 150 ರೂಪಾಯಿ. ತಿಂಗಳಿಗೆ ಏಳೂವರೆ ಲಕ್ಷದ ಮಾಲು. ಜುಲೈವರೆಗೆ ನಾಲ್ಕು ತಿಂಗಳ ಮಾಲು ಹೋಗಿತ್ತು. ಆಗಸ್ಟಿನಿಂದ ಮಾರ್ಚಿವರೆಗೆ ಎಂಟು ತಿಂಗಳು ಬಾಕಿ, ಅಂದರೆ 40 ಟನ್, 60 ಲಕ್ಷ ರೂಪಾಯಿ. ನಾಲ್ಕರಂತೆ ಕಮಿಷನ್ 2,40,000.

ಕಂಪನಿ ಹೇಳಿತು: ಫೌಂಡ್ರಿ ಪ್ರತಿ ತಿಂಗಳು ಶೆಡ್ಯೂಲ್ ಕಳಿಸುತ್ತದೆ. ಪ್ರತಿ ಶೆಡ್ಯೂಲೂ ಹೊಸ ಆರ್ಡರ್. ಜುಲೈ ನಂತರದ್ದೆಲ್ಲ ರಿಪೀಟ್ ಆರ್ಡರ್, ನಿಮಗೆ ಸಂಬಂಧವಿಲ್ಲ. ಏಜೆಂಟರು ಹೇಳಿದರು: ಆರ್ಡರ್ ಒಂದೇ, ಏಪ್ರಿಲ್ 5ರದ್ದು. ಶೆಡ್ಯೂಲ್ ಎಂದರೆ ಲಾರಿ ಯಾವತ್ತು ಬರಲಿ ಎನ್ನುವ ಚೀಟಿ ಮಾತ್ರ.

ಈ ತರದ ಪ್ರಶ್ನೆಗೆ ಹತ್ತಿರದ ಒಂದು ಹಳೆಯ ಸುಪ್ರೀಂ ಕೋರ್ಟ್ ತೀರ್ಪಿದೆ. ಯೂನಿಯನ್ ಆಫ್ ಇಂಡಿಯಾ ವಿರುದ್ಧ ಮದ್ದಾಲ ತಾತಯ್ಯ, 1966ರ ಎಐಆರ್ ತೀರ್ಪು ವರದಿಗಳಲ್ಲಿ ಬಂದಿದೆ. ಹುಬ್ಬಳ್ಳಿಯವರಿಗೆ ಚೆನ್ನಾಗಿ ಗೊತ್ತಿದ್ದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಬೆಲ್ಲ ಪೂರೈಕೆಗೆ ಟೆಂಡರ್ ಕರೆದಿತ್ತು. 14,000 ಮಣ ಬೆಲ್ಲ. ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕು ರೈಲ್ವೆಗಿದೆ ಎಂದು ಷರತ್ತಿನಲ್ಲಿ ಬರೆದಿತ್ತು. ಆಮೇಲೆ ರೈಲ್ವೆ ಪ್ರಮಾಣ, ದಿನಾಂಕ ಎಲ್ಲ ನಮೂದಿಸಿ ನಾಲ್ಕು ಕಂತಿನಲ್ಲಿ ಕೊಡುವಂತೆ ಆರ್ಡರ್ ಕೊಟ್ಟಿತು. ನಡುವೆ ರದ್ದು ಮಾಡಿತು. ಕೋರ್ಟ್ ಹೇಳಿದ ಸಾರ ಇಷ್ಟು: ಬರೀ ಟೆಂಡರ್ ಒಪ್ಪಿದಾಗ ಅದು ತೆರೆದಿಟ್ಟ ಕೊಡುಗೆ ಮಾತ್ರ. ಪ್ರಮಾಣ, ದಿನಾಂಕ ನಮೂದಿಸಿ ಆರ್ಡರ್ ಕೊಟ್ಟ ಮೇಲೆ ಅಷ್ಟರ ಮಟ್ಟಿಗೆ ಕರಾರು ಕಟ್ಟಿತು, ಅದನ್ನು ಆ ಷರತ್ತು ತೋರಿಸಿ ಬಿಡಿಸಿಕೊಳ್ಳಲಾಗದು.

ಆ ಪ್ರಕರಣ ಕಮಿಷನ್ನಿಗೆ ಸಂಬಂಧಿಸಿದ್ದಲ್ಲ. ಆದರೆ ನಮಗೆ ಬೇಕಾದ ಅಳತೆಗೋಲು ಅದರಲ್ಲಿದೆ. ನಿಮ್ಮ ಗಿರಾಕಿಯ ಪಿಓದಲ್ಲಿ ಒಟ್ಟು ಪ್ರಮಾಣ ಖಚಿತವಾಗಿದೆಯೇ, ಕೊಡುವ ಕಾಲ ನಿಗದಿಯಾಗಿದೆಯೇ ನೋಡಿ. ಆಗಿದ್ದರೆ ಅದು ಒಂದೇ ಆರ್ಡರ್, ಕಂತುಗಳು ಹಲವು. ಬದಲಿಗೆ "ಅಂದಾಜು ವಾರ್ಷಿಕ ಬೇಡಿಕೆ", "ನಮ್ಮ ಅಗತ್ಯಕ್ಕೆ ತಕ್ಕಂತೆ" ಎಂದಿದ್ದು, ರೇಟ್ ಮಾತ್ರ ಕಟ್ಟಿದ್ದರೆ ಅದು ರೇಟ್ ಕಾಂಟ್ರಾಕ್ಟ್. ಅಲ್ಲಿ ಪ್ರತಿ ಶೆಡ್ಯೂಲ್ ಬಂದಾಗ ಹೊಸ ಕರಾರು ಹುಟ್ಟುತ್ತದೆ. ಆಗ ಕಂಪನಿಯ ವಾದಕ್ಕೆ ಬಲ. ನಮ್ಮ ಏಜೆಂಟರ ಪಿಓದ ಮೊದಲ ಪುಟದಲ್ಲಿ 60 ಟನ್ ಎಂದು ಸ್ಪಷ್ಟವಾಗಿತ್ತು. ಎರಡನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ "ಶೆಡ್ಯೂಲಿನ ಪ್ರಕಾರ ಮಾತ್ರ ಕಳಿಸುವುದು" ಎಂದೂ ಇತ್ತು. ಆ ಸಾಲನ್ನು ಇಬ್ಬರೂ ಎಳೆದಾಡಿದರು.

ನಾಲ್ಕನೆಯದು ಮುಂದಿನ ಏಪ್ರಿಲಿನಲ್ಲಿ ಬಂದ ಹೊಸ ವರ್ಷದ ಪಿಓ. ಅದೇ ಫೌಂಡ್ರಿ, ಅದೇ ರೆಸಿನ್, ಹೆಚ್ಚುಕಡಿಮೆ ಅದೇ ಪ್ರಮಾಣ. ವರ್ಷಕ್ಕೆ 90 ಲಕ್ಷದ ವ್ಯಾಪಾರ, ಕಮಿಷನ್ 3,60,000. ಇದು ನಿಜವಾದ ರಿಪೀಟ್ ಆರ್ಡರ್. ಏಜೆಂಟರ ಮನಸ್ಸಿದ್ದದ್ದೂ ಇದರ ಮೇಲೆಯೇ. ನಾನು ಕರಾರಿನ ಹದಿನಾಲ್ಕನೆಯ ಷರತ್ತು ತೆಗೆದು ಓದಿ ಹೇಳಬೇಕಾಯಿತು: ಏಜೆನ್ಸಿ ಮುಗಿದಾಗ, ಮುಗಿಯುವ ದಿನಕ್ಕೆ ಮೊದಲು ಕಂಪನಿ ಒಪ್ಪಿದ ಆರ್ಡರುಗಳ ಮೇಲೆ ಮಾತ್ರ ಕಮಿಷನ್ ಸಲ್ಲುತ್ತದೆ. ಅದರ ಕೆಳಗೆ ಅವರ ಸಹಿ. ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಗಿರಾಕಿ ಯಾರು ಹುಡುಕಿದ್ದು ಎನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. "ಸಹಿ ಮಾಡುವಾಗ ಕಮಿಷನ್ ರೇಟ್ ಅಷ್ಟೇ ನೋಡಿದ್ದೆರೀ" ಎಂದರು. ಹೆಚ್ಚಿನವರು ಅಷ್ಟನ್ನೇ ನೋಡುತ್ತಾರೆ. ಆ ದಿನ ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಇಲ್ಲಿ ಸಭಿಕರೊಬ್ಬರು ಕೇಳಿದರು: "ಸರ್, ನನ್ನ ಹತ್ತಿರ ಕರಾರು ಅಂತ ಏನೂ ಇಲ್ಲ. ಒಂದೇ ಪುಟದ ಲೆಟರ್ ಇದೆ. ನೀವು ಪರಿಚಯಿಸಿದ ಪಾರ್ಟಿಗಳ ಎಲ್ಲ ಆರ್ಡರ್ ಮೇಲೆ ಮೂರು ಪರ್ಸೆಂಟ್, ರಿಪೀಟ್ ಆರ್ಡರ್ ಸೇರಿ ಅಂತ ಬರೆದಿದ್ದಾರೆ. ಮುಗಿಸೋದರ ಬಗ್ಗೆ ಅದರಲ್ಲಿ ಮಾತೇ ಇಲ್ಲ. ನನ್ನ ಗತಿ ಏನು?"

ನಾನು ಅವರಿಗೆ ಹೇಳಿದ್ದು: ನಿಮ್ಮ ಒಂದು ಪುಟ ಆ ಏಜೆಂಟರ ಇಪ್ಪತ್ತು ಪುಟಕ್ಕಿಂತ ಬಲವಾಗಿರಬಹುದು. ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ, ಹಾಗೇ ಇಟ್ಟುಕೊಳ್ಳಿ. ಇಂಥ ಪತ್ರಗಳ ಮೇಲೆ ಇಂಗ್ಲೆಂಡಿನಲ್ಲಿ ಎರಡು ದಿಕ್ಕಿನ ತೀರ್ಪುಗಳಿವೆ. 1917ರ ಲೆವಿ ವಿರುದ್ಧ ಗೋಲ್ಡ್‌ಹಿಲ್ ಪ್ರಕರಣದಲ್ಲಿ, ಪರಿಚಯಿಸಿದ ಗಿರಾಕಿಗಳ ಆರ್ಡರುಗಳಿಂದ ಬರುವ ಲಾಭದಲ್ಲಿ ಪಾಲು ಎಂದು ಒಪ್ಪಿಗೆಯಾಗಿತ್ತು. ಸಂಬಂಧ ಮುಗಿದ ಮೇಲೂ ಆ ಗಿರಾಕಿಗಳ ಆರ್ಡರಿನಲ್ಲಿ ಪಾಲು ಸಿಕ್ಕಿತು. 1949ರ ಕ್ರಾಕರ್ ಹಾರ್ಲಾಕ್ ಪ್ರಕರಣದಲ್ಲಿ ಮಾರಾಟ ಪ್ರತಿನಿಧಿಗೆ ಸಂಬಂಧ ಮುಗಿದ ನಂತರದ ರಿಪೀಟ್ ಆರ್ಡರುಗಳ ಮೇಲೆ ಕಮಿಷನ್ ಸಿಗಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನನಗೆ ಕಾಣುವುದು ಒಂದೇ ಪ್ರಶ್ನೆ: ಆ ಕಮಿಷನ್ ಪರಿಚಯಕ್ಕೆ ಕೊಟ್ಟ ಬೆಲೆಯೋ, ದಿನದಿನದ ಸೇವೆಗೆ ಕೊಡುವ ಕೂಲಿಯೋ? ಪರಿಚಯದ ಬೆಲೆಯಾದರೆ ಪರಿಚಯ ಮಾಡಿಸಿದ ದಿನವೇ ಗಳಿಕೆ ಮುಗಿದಿದೆ, ಹಣ ಮಾತ್ರ ಕಂತಿನಲ್ಲಿ ಬರುತ್ತಿದೆ. ಸೇವೆಯ ಕೂಲಿಯಾದರೆ ಸೇವೆ ನಿಂತ ದಿನ ಅದೂ ನಿಲ್ಲುತ್ತದೆ.

ಹೀಗಾಗಿ ಪತ್ರದಲ್ಲಿ ಇನ್ನೇನು ಬರೆದಿದೆ ಎನ್ನುವುದು ಮುಖ್ಯವಾಗುತ್ತದೆ. ತಿಂಗಳಿಗೆರಡು ಸಲ ಗಿರಾಕಿಯನ್ನು ಕಾಣಬೇಕು, ಬಾಕಿ ವಸೂಲಿ ಮಾಡಿಕೊಡಬೇಕು, ದೂರು ಬಂದರೆ ಹೋಗಿ ನೋಡಬೇಕು ಎಂದೆಲ್ಲ ಇದ್ದರೆ ಕಂಪನಿಯ ವಕೀಲರು ಅದನ್ನೇ ಎತ್ತಿ ತೋರಿಸುತ್ತಾರೆ: ನೋಡಿ, ಮೂರು ಪರ್ಸೆಂಟ್ ಕೊಡುತ್ತಿದ್ದದ್ದು ಇವೆಲ್ಲಕ್ಕೆ, ಈಗ ಇವನ್ನು ಮಾಡುತ್ತಿರುವವರು ನಾವು. ಪತ್ರದಲ್ಲಿ ಇವು ಯಾವುವೂ ಇಲ್ಲದೆ "ಪರಿಚಯಿಸಿದ" ಎಂಬ ಒಂದೇ ಪದ ನಿಂತಿದ್ದರೆ ನಿಮ್ಮ ಕೈ ಮೇಲು. "ರಿಪೀಟ್ ಆರ್ಡರ್ ಸೇರಿ" ಎನ್ನುವ ಮಾತು ಒಂದರಿಂದಲೇ ಎಲ್ಲ ಗೆದ್ದಂತೆ ಅಲ್ಲ. ಏಜೆನ್ಸಿ ನಡೆಯುತ್ತಿರುವಾಗಿನ ರಿಪೀಟ್ ಆರ್ಡರ್ ಎಂದೂ ಅದನ್ನು ಓದಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಪದೇ ಪದೇ ಕೇಳಿಬರುತ್ತದೆ. "ನನ್ನ ಕಮಿಷನ್ನಿನ ಹಿತ ಇದರಲ್ಲಿದೆ, ಆದ್ದರಿಂದ ಏಜೆನ್ಸಿ ರದ್ದು ಮಾಡಲು ಬರುವುದಿಲ್ಲ, 202ನೆಯ ಕಲಂ ಇದೆ" ಎನ್ನುತ್ತಾರೆ. ಆ ಕಲಂ ಹೇಳುವ ಹಿತ ಬೇರೆ. ಮಾಲೀಕ ನಿಮಗೆ ಸಾಲ ತೀರಿಸಬೇಕಿದೆ, ತನ್ನ ಜಮೀನು ಮಾರಿ ಬಂದ ಹಣದಲ್ಲಿ ಸಾಲ ತೀರಿಸಿಕೋ ಎಂದು ಅಧಿಕಾರ ಕೊಟ್ಟಿದ್ದಾನೆ, ಅಂಥದ್ದು. ಮಾರಿದರೆ ಕಮಿಷನ್ ಬರುತ್ತದೆ ಎನ್ನುವ ನಿರೀಕ್ಷೆ ಆ ಹಿತದಲ್ಲಿ ಸೇರುವುದಿಲ್ಲ.

ಹಾಗಾದರೆ ಏಕಾಏಕಿ ಕಿತ್ತು ಹಾಕಿದ್ದಕ್ಕೆ ಪರಿಹಾರ ಇಲ್ಲವೇ? ಇದೆ, ಆದರೆ ಚಿಕ್ಕದು. ಇಂತಿಷ್ಟು ವರ್ಷ ಎಂದು ಒಪ್ಪಿ ತಕ್ಕ ಕಾರಣವಿಲ್ಲದೆ ನಡುವೆ ಮುರಿದರೆ 205ನೆಯ ಕಲಮಿನಲ್ಲಿ ಪರಿಹಾರ, ಯುಕ್ತ ನೋಟಿಸ್ ಕೊಡದಿದ್ದರೆ 206ರಲ್ಲಿ ನಷ್ಟಭರ್ತಿ. ನೋಟಿಸ್ ಕೊಟ್ಟು ಮುಗಿಸಬಹುದು ಎಂದು ಕರಾರಿನಲ್ಲೇ ಇದ್ದರೆ, ನೋಟಿಸ್ ಅವಧಿಯ ಗಳಿಕೆಗಿಂತ ಹೆಚ್ಚು ಕೇಳುವುದು ಕಷ್ಟ. ಇಂಡಿಯನ್ ಆಯಿಲ್ ಮತ್ತು ಅಮೃತಸರದ ಗ್ಯಾಸ್ ವಿತರಕರ ನಡುವಿನ ಪ್ರಕರಣದಲ್ಲಿ, 1991ರಲ್ಲಿ ವರದಿಯಾದ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಮೂವತ್ತು ದಿನದ ನೋಟಿಸಿನ ಷರತ್ತು ಇದ್ದುದರಿಂದ ಪರಿಹಾರವನ್ನು ಮೂವತ್ತು ದಿನಕ್ಕೇ ಸೀಮಿತಗೊಳಿಸಿತು. ವಿತರಣೆಯನ್ನು ಮರಳಿ ಕೊಡಿಸಲಿಲ್ಲ.

ಇದೇ ಜಾಗದಲ್ಲಿ ಯುರೋಪಿನವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ 1986ರ ನಿರ್ದೇಶನದ ಪ್ರಕಾರ, ಏಜೆನ್ಸಿ ಮುಗಿದ ನಂತರ ಸಮಂಜಸ ಅವಧಿಯೊಳಗೆ ಕುದುರಿದ ವ್ಯವಹಾರ ಮುಖ್ಯವಾಗಿ ಏಜೆಂಟನ ಶ್ರಮದ ಫಲವೇ ಆಗಿದ್ದರೆ ಕಮಿಷನ್ ಅವನಿಗೆ ಸಲ್ಲುತ್ತದೆ. ಜರ್ಮನಿಯಲ್ಲಿ ಅದರ ಜೊತೆಗೆ, ತಂದುಕೊಟ್ಟ ಗಿರಾಕಿಗಳಿಗಾಗಿ ಒಂದು ವರ್ಷದ ಸರಾಸರಿ ಕಮಿಷನ್ನಿನ ಮಿತಿಯವರೆಗೆ ಪರಿಹಾರ ಕೇಳಬಹುದು. ಇಲ್ಲಿಂದ ಆ ಕಡೆಗೆ ಎರಕದ ಬಿಡಿಭಾಗ ಕಳಿಸುವವರು ಅಲ್ಲಿ ಏಜೆಂಟರನ್ನು ಇಟ್ಟುಕೊಂಡಿದ್ದರೆ ಇದನ್ನು ಲೆಕ್ಕದಲ್ಲಿಡಬೇಕು. ನಮ್ಮ ದೇಶದ ಏಜೆಂಟರಿಗೆ ಇಂಥ ಆಸರೆ ಕಾಯ್ದೆಯಲ್ಲಿಲ್ಲ. ಇರಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ.

ಸಲ್ಲುತ್ತದೆ ಎಂದಾದ ಮೇಲೂ ಇನ್ನೊಂದು ತೊಡಕು. ಎಷ್ಟು ಸಲ್ಲುತ್ತದೆ ಎನ್ನುವ ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿದೆ. ಏಜೆನ್ಸಿ ಮುಗಿದ ದಿನವೇ ನಿಮ್ಮ ಲಾಗಿನ್ ಮುಚ್ಚುತ್ತಾರೆ, ಬಿಲ್ಲಿನ ಪ್ರತಿ ಬರುವುದು ನಿಲ್ಲುತ್ತದೆ. ನಾರಣದಾಸ್ ಮೊರಾರ್‌ದಾಸ್ ಗಾಜಿವಾಲಾ ವಿರುದ್ಧ ಪಾಪಮ್ಮಾಳ್ ಎನ್ನುವ ತೀರ್ಪು, 1967ರ ಎಐಆರ್‌ನಲ್ಲಿದೆ, ಇಲ್ಲಿ ಬಹಳ ಉಪಕಾರಿ. ಮಾಲೀಕನಿಂದ ಲೆಕ್ಕ ಕೇಳುವ ಹಕ್ಕನ್ನು ಕರಾರು ಕಾಯ್ದೆ ಏಜೆಂಟನಿಗೆ ನೇರವಾಗಿ ಕೊಟ್ಟಿಲ್ಲ. ಆದರೂ ಲೆಕ್ಕವೆಲ್ಲ ಮಾಲೀಕನ ಬಳಿಯೇ ಇದ್ದು, ಅದನ್ನು ನೋಡದೆ ಏಜೆಂಟನಿಗೆ ತನ್ನ ಕಮಿಷನ್ ಎಷ್ಟೆಂದು ತಿಳಿಯುವ ದಾರಿಯೇ ಇಲ್ಲದಿದ್ದರೆ ಮಾಲೀಕನಿಂದ ಲೆಕ್ಕ ಕೇಳಬಹುದು ಎಂದಿತು ಸುಪ್ರೀಂ ಕೋರ್ಟ್. ಆದ್ದರಿಂದ ದಾವೆಯಲ್ಲಿ ಹಣದ ಜೊತೆಗೆ ಲೆಕ್ಕವನ್ನೂ ಕೇಳಬೇಕು.

ಅದಕ್ಕೆ ಮುಂಚೆ ನಿಮ್ಮದೇ ಲೆಕ್ಕ ಇರಲಿ. ನಮ್ಮ ಏಜೆಂಟರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪ್ರತಿ ಫೌಂಡ್ರಿಗೆ ಒಂದು ಪುಟ, ತಿಂಗಳಿಗೊಂದು ಸಾಲು, ಪಿಓ ನಂಬರು, ದಿನಾಂಕ, ಟನ್. ಅದರಲ್ಲಿ ಒಂದು ಪುಟ ನನ್ನ ಕಣ್ಣಿಗೆ ಬಿತ್ತು. ಒಂದು ಫೌಂಡ್ರಿ ಮೂರು ವರ್ಷ ಒಂದು ತಿಂಗಳೂ ತಪ್ಪದೆ ಎರಡು ಟನ್ ಕೋಟಿಂಗ್ ತೆಗೆದುಕೊಂಡಿತ್ತು. ಆ ಜುಲೈ ಸಾಲು ಖಾಲಿ. ಆಮೇಲೆ ಪರಿಚಯದ ಸ್ಟೋರ್ಸ್‌ನವರನ್ನು ಕೇಳಿದರೆ ಆಗಸ್ಟ್ ಮೊದಲ ವಾರ ನಾಲ್ಕು ಟನ್ ಬಂದಿತ್ತು. ಏಜೆನ್ಸಿ ಮುಗಿಯುವವರೆಗೆ ಆರ್ಡರ್ ತಡೆಹಿಡಿಯಿರಿ ಎಂದು ಕಂಪನಿಯವರು ಗಿರಾಕಿಗೆ ಹೇಳಿದ್ದರೆ ಹೀಗೇ ಕಾಣುತ್ತದೆ: ಕೊನೆಯ ತಿಂಗಳು ಬತ್ತಿ, ಮರುತಿಂಗಳು ಇಮ್ಮಡಿಯಾಗಿ ಉಕ್ಕುತ್ತದೆ. ಒಂದು ಫೌಂಡ್ರಿಯಲ್ಲಾದರೆ ಕಾಕತಾಳೀಯ ಇರಬಹುದು. ಮೂರ್ನಾಲ್ಕು ಕಡೆ ಒಟ್ಟಿಗೆ ಆದರೆ ನ್ಯಾಯಾಧೀಶರು ಕಂಪನಿಯಿಂದ ವಿವರಣೆ ಕೇಳುತ್ತಾರೆ. ಆ ನೋಟ್‌ಬುಕ್ ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಮಿಷನ್ ಮೇಲೆ ಟಿಡಿಎಸ್ ಕಡಿದ ವಿವರ ನಿಮ್ಮ ಫಾರ್ಮ್ 26ಎಎಸ್‌ನಲ್ಲಿ ಬರುತ್ತದೆ. ಹಿಂದಿನ ವರ್ಷಗಳಲ್ಲಿ ಯಾವ ದರದಲ್ಲಿ, ಯಾವ ಬಗೆಯ ಆರ್ಡರಿಗೆ ಕೊಡುತ್ತಿದ್ದರು ಎನ್ನುವುದಕ್ಕೆ ಅದನ್ನು ಬಿಲ್ಲುಗಳ ಜೊತೆ ಜೋಡಿಸಿ ತೋರಿಸಬಹುದು.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ಕಡೇ ಚೆಕ್ ಕೊಡುವಾಗ ನೋ ಡ್ಯೂಸ್ ಬರೆಸಿಕೊಳ್ತಾರೆ. ಬರೆಯದಿದ್ರೆ ಚೆಕ್ ಕೊಡಲ್ಲ ಅಂತಾರೆ. ಏನ್ ಮಾಡೋದು?"

ಇದು ಬಹಳ ಜನ ಬೀಳುವ ಹಳ್ಳ. "ಪೂರ್ಣ ಮತ್ತು ಅಂತಿಮವಾಗಿ ಸಂದಿದೆ" ಎಂದು ಒಪ್ಪಿ ಸಹಿ ಮಾಡಿದರೆ, ಬರಬೇಕಿದ್ದನ್ನು ತಾನೇ ಬಿಟ್ಟುಕೊಟ್ಟ ಹಾಗೆ ಎಂದು ಕಂಪನಿ 63ನೆಯ ಕಲಂ ತೋರಿಸಿ ವಾದಿಸುತ್ತದೆ. ಒತ್ತಡದಲ್ಲಿ ಮಾಡಿದೆ ಎಂದು ಆಮೇಲೆ ಸಾಬೀತು ಮಾಡುವ ಭಾರ ನಿಮ್ಮ ಮೇಲೆ. ಸಾಧ್ಯವಿದ್ದರೆ ರಸೀದಿಯಲ್ಲಿ "ಜೂನ್ ತಿಂಗಳ ಬಿಲ್ಲುಗಳ ಕಮಿಷನ್ ಬಾಬತ್ತು, ಉಳಿದ ಆರ್ಡರುಗಳ ಹಕ್ಕು ಕಾಯ್ದಿರಿಸಿ" ಎಂದು ಬರೆದು ಸಹಿ ಮಾಡಿ. ಅವರು ಒಪ್ಪದೆ ತಮ್ಮ ನಮೂನೆಗೇ ಸಹಿ ಮಾಡಿಸಿಕೊಂಡರೆ, ಅದೇ ದಿನ ಯಾವ ಸ್ಥಿತಿಯಲ್ಲಿ ಸಹಿ ಮಾಡಿದಿರಿ, ಯಾವ ಯಾವ ಆರ್ಡರಿನದು ಬಾಕಿ ಇದೆ ಎಂದು ಈಮೇಲ್ ಕಳಿಸಿ. ಆರು ತಿಂಗಳ ನಂತರ ಬರೆದ ಈಮೇಲಿಗೆ ಆ ಬೆಲೆ ಇರುವುದಿಲ್ಲ.

ಏಜೆಂಟರು ತಾವೇ ಕೈಯಾರೆ ಕಳೆದುಕೊಳ್ಳುವುದೂ ಉಂಟು. ನೋಟಿಸ್ ಬಂದ ಸಿಟ್ಟಿನಲ್ಲಿ, ಇನ್ನೂ ಏಜೆನ್ಸಿ ಇರುವಾಗಲೇ, ಅದೇ ಗಿರಾಕಿಗೆ ಬೇರೆ ಕಂಪನಿಯ ಮಾಲು ತೋರಿಸಲು ಹೋಗುತ್ತಾರೆ. ಏಜೆನ್ಸಿಯ ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟನಿಗೆ, ಆ ದುರ್ನಡತೆ ನಡೆದ ವ್ಯವಹಾರದ ಮಟ್ಟಿಗೆ ಸಂಭಾವನೆ ಇಲ್ಲ ಎನ್ನುತ್ತದೆ 220ನೆಯ ಕಲಂ. ಅರವತ್ತು ದಿನ ತಡೆದುಕೊಳ್ಳಿ. ಅವಧಿ ಮುಗಿದ ಮರುದಿನದಿಂದ ಬೇರೆ ಕಂಪನಿಯ ಮಾಲು ಮಾರಬಾರದು ಎಂದು ಕರಾರಿನಲ್ಲಿ ಬರೆದಿದ್ದರೂ, ವ್ಯಾಪಾರ ತಡೆಯುವ ಅಂಥ ಷರತ್ತು 27ನೆಯ ಕಲಮಿನ ಮುಂದೆ ನಿಲ್ಲುವುದಿಲ್ಲ.

ಈಗ ಬರೆದುಕೊಳ್ಳುವ ವಿಷಯ. ಮುಂದೆ ಸಹಿ ಮಾಡುವ ಕರಾರಿನಲ್ಲಿ ಇಂಥದೊಂದು ಷರತ್ತು ಸೇರಿಸಿ ಎಂದು ನಾನು ಹೇಳುತ್ತೇನೆ. ಕಂಪನಿಗಳಿಗೂ ಇದನ್ನೇ ಹೇಳಿದ್ದೇನೆ, ಏಕೆಂದರೆ ಕೊನೆಯಿಲ್ಲದ ಕಮಿಷನ್ನಿನ ಭಯ ಅವರಿಗೂ ತಪ್ಪುತ್ತದೆ:

"ಏಜೆನ್ಸಿ ಯಾವ ಕಾರಣಕ್ಕೆ ಮುಗಿದರೂ, ಅನುಬಂಧದಲ್ಲಿ ಹೆಸರಿಸಿದ ಗ್ರಾಹಕರು ಮುಗಿದ ದಿನದಿಂದ ಹನ್ನೆರಡು ತಿಂಗಳೊಳಗೆ ಕೊಡುವ ಆರ್ಡರುಗಳ ಮೇಲೆ ಪೂರ್ಣ ದರದಲ್ಲಿ, ಅದರ ಮುಂದಿನ ಆರು ತಿಂಗಳ ಆರ್ಡರುಗಳ ಮೇಲೆ ಅರ್ಧ ದರದಲ್ಲಿ ಕಮಿಷನ್ ಸಲ್ಲುತ್ತದೆ. ಮುಗಿದ ದಿನದಂದು ಚಾಲ್ತಿಯಲ್ಲಿರುವ ಓಪನ್ ಪಿಓ ಅಥವಾ ರೇಟ್ ಕಾಂಟ್ರಾಕ್ಟಿನಡಿ ಬರುವ ಎಲ್ಲ ಶೆಡ್ಯೂಲುಗಳಿಗೆ ಅದರ ಅವಧಿ ಮುಗಿಯುವವರೆಗೆ ಪೂರ್ಣ ಕಮಿಷನ್ ಸಲ್ಲುತ್ತದೆ. ಕಂಪನಿಯು ಈ ಗ್ರಾಹಕರ ಬಿಲ್ಲುಗಳ ಪಟ್ಟಿಯನ್ನು ಪ್ರತಿ ತಿಂಗಳು ಹತ್ತನೆಯ ತಾರೀಖಿನೊಳಗೆ ಕಳಿಸತಕ್ಕದ್ದು. ಏಜೆಂಟರು ವಂಚನೆ ಮಾಡಿದ್ದು ಸಾಬೀತಾದರೆ ಈ ಷರತ್ತು ಅನ್ವಯಿಸುವುದಿಲ್ಲ."

ತಿಂಗಳುಗಳ ಸಂಖ್ಯೆ ನಿಮ್ಮ ಮಾಲಿಗೆ ತಕ್ಕಂತೆ ಇರಲಿ. ತಿಂಗಳಿಗೊಮ್ಮೆ ಖರ್ಚಾಗುವ ರೆಸಿನ್ನಿಗೆ ವರ್ಷ ಸಾಕು. ಐದು ವರ್ಷಕ್ಕೊಮ್ಮೆ ಕೊಳ್ಳುವ ಯಂತ್ರಕ್ಕೆ ವರ್ಷದ ಷರತ್ತಿನಿಂದ ಏನೂ ಸಿಗದು, ಅಲ್ಲಿ ಬಿಡಿಭಾಗಗಳ ಆರ್ಡರನ್ನು ಹೆಸರಿಸಿ ಬರೆಯಬೇಕು. ಈ ಷರತ್ತಿಗೆ ಜೀವ ಇರುವುದು ಅನುಬಂಧದಲ್ಲಿ. "ಪರಿಚಯಿಸಿದ ಗ್ರಾಹಕರು" ಎಂದಷ್ಟೇ ಬಿಟ್ಟರೆ ಯಾರು ಯಾರನ್ನು ಪರಿಚಯಿಸಿದರು ಎನ್ನುವುದೇ ಎರಡು ವರ್ಷದ ಜಗಳವಾಗುತ್ತದೆ. ಹೊಸ ಗಿರಾಕಿ ಬಂದಾಗಲೆಲ್ಲ ಕಂಪನಿಗೆ ಈಮೇಲ್ ಹಾಕಿ ಹೆಸರು ಸೇರಿಸಿಕೊಳ್ಳಿ.

ಆ ಏಜೆಂಟರ ಪ್ರಕರಣ ಏನಾಯಿತು ಎಂದು ಕೇಳುತ್ತೀರಿ. ಬೇರೆ ಸಣ್ಣ ಬಾಕಿಗಳೂ ಸೇರಿ ಮೊತ್ತ ಮೂರು ಲಕ್ಷ ದಾಟಿದ್ದರಿಂದ ಅದು ವಾಣಿಜ್ಯ ನ್ಯಾಯಾಲಯದ ವ್ಯಾಪ್ತಿಗೆ ಬಂತು. ತುರ್ತು ಪರಿಹಾರ ಕೇಳದಿದ್ದರೆ ಅಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋದೆವು. ಸಾಮಾನ್ಯವಾಗಿ ಬಾಕಿ ಸಲ್ಲಬೇಕಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು, ಪ್ರತಿ ಬಿಲ್ಲಿನ ಕಮಿಷನ್ನಿಗೂ ಅದರದೇ ದಿನಾಂಕ. ಇವರು ಬೇಗ ಬಂದಿದ್ದರಿಂದ ಆ ಚಿಂತೆ ಇರಲಿಲ್ಲ. ಮೊದಲ ಎರಡು ಬಾಬತ್ತಿನ 44,000ವನ್ನು ಕಂಪನಿ ಎರಡನೆಯ ಸಿಟ್ಟಿಂಗಿನಲ್ಲೇ ಒಪ್ಪಿತು. ಓಪನ್ ಪಿಓದ 2,40,000ದಲ್ಲಿ 1,60,000ಕ್ಕೆ ರಾಜಿಯಾಯಿತು. ಪೂರ್ತಿಗಾಗಿ ಹೋರಾಡಬಹುದಿತ್ತು, ಆದರೆ ಎರಡನೆಯ ಪುಟದ ಆ ಸಣ್ಣ ಸಾಲು ನನ್ನನ್ನೂ ಕಾಡುತ್ತಿತ್ತು. ಮುಂದಿನ ಏಪ್ರಿಲಿನ ಪಿಓ ಮೇಲೆ ಒಂದು ಪೈಸೆಯೂ ಬರಲಿಲ್ಲ.

ಕೆಲವು ತಿಂಗಳ ಮೇಲೆ ಅವರು ಮತ್ತೆ ಬಂದರು. ಬೇರೊಂದು ಕಂಪನಿಯ ಕರಾರಿನ ಕರಡು ತಂದಿದ್ದರು. ಅದಕ್ಕೆ ಪಿನ್ ಹಾಕಿ ಕೈಬರಹದ ಒಂದು ಹಾಳೆ ಇತ್ತು. ಹದಿನಾಲ್ಕು ಫೌಂಡ್ರಿಗಳ ಹೆಸರು, ಎದುರಿಗೆ ಮೊದಲ ಟ್ರಯಲ್ ಡ್ರಮ್ ಕೊಟ್ಟ ತಾರೀಖು, ಅದರ ಮುಂದೆ ಕಂಪನಿಯವರ ಸಹಿಗೆ ಬಿಟ್ಟ ಖಾಲಿ ಜಾಗ. "ಇದಕ್ಕ ಅವರ ಸಹಿ ಬೀಳೋತನಕ ನಾ ಸಹಿ ಮಾಡಾಂವ ಅಲ್ಲರೀ" ಎಂದರು.